ಸಂದರ್ಶನಕ್ಕೆ ಮೊದಲು ಹತ್ತು ನಿಮಿಷ ಕೇಳಿ ಪಡೆಯಿರಿ

ಊರಿನ ಮನೆಯಿಂದಲೇ ಆನ್‌ಲೈನ್ ಸಂದರ್ಶನಕ್ಕೆ ಕೂರುವ ತಮ್ಮ ತಂಗಿಯರಿಗೆ,

ಬೆಂಗಳೂರಿನ ಕಂಪನಿಗಳಿಗೆ ಅಭ್ಯರ್ಥಿಗಳನ್ನು ಹುಡುಕಿಕೊಡುವ ಸಂಸ್ಥೆಯೊಂದರಲ್ಲಿ ಸಂದರ್ಶನಗಳನ್ನು ಹೊಂದಿಸುವುದು ನನ್ನ ಕೆಲಸ. ನಿಮ್ಮ ಸಂದರ್ಶನ ಗುರುವಾರ ಬೆಳಿಗ್ಗೆ 11 ಗಂಟೆಗೆ, ಲಿಂಕ್ ಕೆಳಗಿದೆ ಎಂದು ನಿಮಗೆ ಇಮೇಲ್ ಕಳಿಸುವವರು ನನ್ನಂಥವರೇ. ಆ ಇಮೇಲ್‌ಗೆ ನಿಮ್ಮಲ್ಲಿ ಹೆಚ್ಚಿನವರು ‘ಥ್ಯಾಂಕ್ಯೂ, ಬರುತ್ತೇನೆ’ ಎಂದಷ್ಟೇ ಉತ್ತರಿಸುತ್ತೀರಿ. ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ: ಸಂದರ್ಶನಕ್ಕೆ ಮೊದಲು ಒಂದು ಹತ್ತು ನಿಮಿಷದ ಪರೀಕ್ಷಾ ಕರೆ ಮಾಡಿಸಿಕೊಡಿ, ಇಲ್ಲವೇ ಪರೀಕ್ಷಿಸಿಕೊಳ್ಳಲು ಒಂದು ಲಿಂಕ್ ಕೊಡಿ ಎಂದು.

ಕೇಳುವುದಕ್ಕೆ ನಿಮಗೆ ಸಂಕೋಚ ಎಂಬುದು ಗೊತ್ತು. ‘ಕಂಪ್ಯೂಟರ್ ಕೆಲಸಕ್ಕೆ ಅರ್ಜಿ ಹಾಕಿ, ಮೈಕ್ ಸರಿ ಮಾಡಿಕೊಳ್ಳೋಕೂ ಬರಲ್ವಾ ಅಂದುಕೊಂಡರೆ?’ ಎಂದು ಒಬ್ಬ ಹುಡುಗ ನನ್ನನ್ನೇ ಕೇಳಿದ್ದ. ಹಾಗೆ ಅಂದುಕೊಳ್ಳುವ ಪ್ರಶ್ನೆಯೇ ಇಲ್ಲ. ಈ ಕಡೆಯ ಲೆಕ್ಕ ಹೇಗಿದೆ ನೋಡಿ. ಒಂದು ತಾಂತ್ರಿಕ ಸುತ್ತಿಗೆ ಇಬ್ಬರು ಮೂವರು ಹಿರಿಯ ಎಂಜಿನಿಯರುಗಳ ಒಂದೇ ಗಂಟೆಯನ್ನು ಬಿಡುವು ಮಾಡಿಸಿಕೊಳ್ಳುವುದು ನಮಗೆ ದೊಡ್ಡ ಸಾಹಸ. ಆ ಗಂಟೆ ನೆಟ್‌ವರ್ಕ್‌ನಿಂದಾಗಿ ಹಾಳಾದರೆ ಅವರೆಲ್ಲರೂ ಮತ್ತೆ ಒಟ್ಟಿಗೆ ಸಿಗುವುದು ಮುಂದಿನ ವಾರವೇ. ಅಷ್ಟರಲ್ಲಿ ಆ ಹುದ್ದೆ ಇನ್ನೊಬ್ಬರ ಪಾಲಾಗಿರಲೂಬಹುದು. ಹತ್ತು ನಿಮಿಷ ಕೊಟ್ಟು ಅದನ್ನು ತಪ್ಪಿಸಬಹುದಾದರೆ ನಮಗೂ ಲಾಭವೇ. ಹಾಗೆ ಕೇಳಿದ ಅಭ್ಯರ್ಥಿಯ ಹೆಸರಿನ ಮುಂದೆ ‘ತಯಾರಿ ಮಾಡಿಕೊಂಡು ಬರುವವರು’ ಎಂದು ನನ್ನ ಮನಸ್ಸಿನಲ್ಲಿ ಗುರುತು ಬೀಳುತ್ತದೆಯೇ ಹೊರತು ಬೇರೇನಲ್ಲ.

ನಿಜಕ್ಕೂ ಕಾಡುವ ಸಂಗತಿ ಬೇರೆ ಇದೆ. ಸಂದರ್ಶನ ಪೂರ್ತಿಯಾಗಿ ಕಡಿದುಹೋದರೆ ಕಾರಣ ಎಲ್ಲರಿಗೂ ಕಾಣುತ್ತದೆ, ಮರುದಿನಾಂಕ ಸಿಗುತ್ತದೆ. ಅರ್ಧಂಬರ್ಧ ನಡೆದ ಸಂದರ್ಶನವೇ ಅಪಾಯಕಾರಿ. ಧ್ವನಿ ಒಂದು ಸೆಕೆಂಡು ತಡವಾಗಿ ತಲುಪುತ್ತಿರುತ್ತದೆ, ಮಧ್ಯೆ ಮಧ್ಯೆ ಪದಗಳು ನುಂಗಿಹೋಗುತ್ತಿರುತ್ತವೆ, ಆದರೂ ಮಾತುಕತೆ ಹೇಗೋ ಸಾಗುತ್ತದೆ. ಸಂದರ್ಶನ ಮುಗಿದ ಮೇಲೆ ನನಗೆ ಬರುವ ಅಭಿಪ್ರಾಯದ ಹಾಳೆಯಲ್ಲಿ ‘ನೆಟ್‌ವರ್ಕ್ ಸರಿ ಇರಲಿಲ್ಲ’ ಎಂದು ಬರೆದಿರುವುದಿಲ್ಲ. ‘ಸಂವಹನ ಕೌಶಲ ಸಾಲದು’, ‘ಆತ್ಮವಿಶ್ವಾಸ ಕಡಿಮೆ’ ಎಂದಿರುತ್ತದೆ. 2014ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ದೂರವಾಣಿ ಮಾತುಕತೆಗೆ ಬೇಕೆಂದೇ ವಿಳಂಬ ಸೇರಿಸಿ ನೋಡಿದರು. ತಡವಾಗಿ ಉತ್ತರ ಕೇಳಿಸಿದಾಗ ಜನ ದೂರಿದ್ದು ತಂತಿಯನ್ನಲ್ಲ. ಆಚೆ ಕಡೆ ಮಾತಾಡುತ್ತಿದ್ದ ಮನುಷ್ಯನಿಗೇ ಗಮನ ಸಾಲದು, ಸ್ನೇಹಭಾವ ಸಾಲದು ಎಂದುಕೊಂಡರು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಉತ್ತರಿಸುವ ನೀವು ವಾಕ್ಯ ಜೋಡಿಸಿಕೊಳ್ಳಲು ಅರೆಗಳಿಗೆ ತೆಗೆದುಕೊಳ್ಳುತ್ತೀರಿ. ಅದು ಸಹಜ. ಅದರ ಮೇಲೆ ಇಂಟರ್‌ನೆಟ್ಟಿನ ಒಂದು ಸೆಕೆಂಡೂ ಕೂಡಿಕೊಂಡರೆ ಆಚೆಯವರ ಕಿವಿಗೆ ಅದು ಉತ್ತರ ಗೊತ್ತಿಲ್ಲದವರ ಮೌನವಾಗುತ್ತದೆ. ನಿಮ್ಮದಲ್ಲದ ತಪ್ಪು ನಿಮ್ಮ ಹೆಸರಿಗೆ ಬರೆಯಲ್ಪಡುವುದನ್ನು ನೋಡಿ ನೋಡಿಯೇ ನಾನು ಈ ಪತ್ರಕ್ಕೆ ಕೂತದ್ದು.

ಒಬ್ಬರೇ ಪರೀಕ್ಷಿಸಿಕೊಂಡರೆ ಸಾಲದೇ ಎಂದು ಕೇಳಬಹುದು. ಅದಂತೂ ಮೊದಲು ಆಗಲೇಬೇಕು. `zoom.us/test` ಎಂದು ಬ್ರೌಸರಿನಲ್ಲಿ ಬರೆದರೆ ಜೂಮ್ ಒಂದು ಪರೀಕ್ಷಾ ಸಭೆಗೆ ಕರೆದೊಯ್ದು ಸ್ಪೀಕರ್, ಮೈಕ್ ಎರಡನ್ನೂ ನೋಡಿಸುತ್ತದೆ. ಟೀಮ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ `Devices` ಕೆಳಗೆ `Make a test call` ಇರುತ್ತದೆ; ನಿಮ್ಮ ಮಾತನ್ನು ರೆಕಾರ್ಡ್ ಮಾಡಿ ನಿಮಗೇ ಕೇಳಿಸುತ್ತದೆ. ಆದರೆ ಎಲ್ಲ ಖಾತೆಗಳಲ್ಲೂ ಅದು ಸಿಗುವುದಿಲ್ಲ. ಗೂಗಲ್ ಮೀಟ್ ಒಳಗೆ ಹೋಗುವ ಮೊದಲೇ ನಿಮ್ಮ ಮುಖ, ಧ್ವನಿ ತೋರಿಸುತ್ತದೆ. ಇವೆಲ್ಲ ನಿಮ್ಮ ಯಂತ್ರ ಸರಿಯಿದೆಯೇ ಎಂದು ಹೇಳುತ್ತವೆ, ಅಷ್ಟೇ. ಆ ಕಂಪನಿಯ ಸಭೆಯೊಳಕ್ಕೆ ನಿಮ್ಮನ್ನು ಬಿಡುತ್ತಾರೋ ಇಲ್ಲವೋ, ಒಳಗೆ ಹೋದ ಮೇಲೆ ನಿಮ್ಮ ಪರದೆ ತೋರಿಸಲು ಅನುಮತಿ ಇದೆಯೋ ಇಲ್ಲವೋ, ಆಚೆ ಕೂತವರ ಕಿವಿಗೆ ನಿಮ್ಮ ಮಾತು ಹೇಗೆ ಬೀಳುತ್ತಿದೆ ಎಂಬುದನ್ನು ಅವು ಹೇಳಲಾರವು. ಅದಕ್ಕೆ ಆಚೆ ಕಡೆ ಒಬ್ಬ ಮನುಷ್ಯ ಬೇಕು, ಅದೂ ಆ ಕಂಪನಿಯ ಕಡೆಯವರು.

ಈಚೆಗೆ ನಡೆದ ಒಂದು ಕರೆಯನ್ನು ಪೂರ್ತಿ ಹೇಳುತ್ತೇನೆ. ಹುಡುಗಿ ಸಿದ್ದಾಪುರ ತಾಲೂಕಿನ ಹಳ್ಳಿಯವಳು, ಎಂಜಿನಿಯರಿಂಗ್ ಕೊನೆಯ ವರ್ಷ. ಗುರುವಾರ 11ಕ್ಕೆ ಟೀಮ್ಸ್‌ನಲ್ಲಿ ತಾಂತ್ರಿಕ ಸುತ್ತು. ಸೋಮವಾರವೇ ಬರೆದು, ಪರೀಕ್ಷಾ ಕರೆ ಸಾಧ್ಯವೇ ಎಂದು ಕೇಳಿದಳು. ಮಂಗಳವಾರ ಬೆಳಿಗ್ಗೆ 11ಕ್ಕೇ ಇಟ್ಟುಕೊಂಡೆವು. ಅದೇ ಹೊತ್ತು ಬೇಕೆಂದು ಅವಳೇ ಕೇಳಿದ್ದು, ಸರಿಯಾಗಿಯೇ ಕೇಳಿದ್ದಳು. ಟವರಿನ ಮೇಲೆ ಬೀಳುವ ಭಾರ ಬೆಳಿಗ್ಗೆ 6ಕ್ಕೆ ಒಂದು ಥರ, ಸಂಜೆ 8ಕ್ಕೆ ಇನ್ನೊಂದು ಥರ. ಬೆಳಗಿನ ಜಾವ ಚೆನ್ನಾಗಿ ಬಂದ ಸಿಗ್ನಲ್ ಸಂಜೆಯ ಸಂದರ್ಶನಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಸಭೆಯ ಬಾಗಿಲಲ್ಲಿ ಯಾರೋ ಕಾಯುತ್ತಿದ್ದಾರೆ ಎಂದು ನನ್ನ ಪರದೆಯಲ್ಲಿ ಸೂಚನೆ ಬಂತು. ಹೆಸರಿನ ಜಾಗದಲ್ಲಿ ಅವಳ ಹೆಸರಿರಲಿಲ್ಲ, ವಿಟಿಯು ರಿಜಿಸ್ಟರ್ ನಂಬರ್ ಇತ್ತು. ಲ್ಯಾಪ್‌ಟಾಪಿನ ಟೀಮ್ಸ್ ಆ್ಯಪ್ ಕಾಲೇಜಿನ ಖಾತೆಯಲ್ಲೇ ತೆರೆದುಕೊಂಡಿತ್ತು, ಕಾಲೇಜಿನವರು ಖಾತೆ ಮಾಡಿದ್ದು ಯುಎಸ್‌ಎನ್ ಹೆಸರಿನಲ್ಲಿ. ಗುರುವಾರ ಇದೇ ಆಗಿದ್ದರೆ ಸಂದರ್ಶಕರು ಯಾರೋ ಅಪರಿಚಿತರೆಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಹಾಗೆ ಹತ್ತು ನಿಮಿಷ ಬಾಗಿಲಲ್ಲೇ ಕಾದು, ‘ಅಭ್ಯರ್ಥಿ ಬರಲಿಲ್ಲ’ ಎಂದು ಬರೆಸಿಕೊಂಡವರು ಇದ್ದಾರೆ. ಆ್ಯಪ್ ಬಿಟ್ಟು, ಲಿಂಕನ್ನು ಕ್ರೋಮ್‌ನಲ್ಲಿ ತೆರೆದು `Continue on this browser` ಒತ್ತಿ, ಹೆಸರು ಬರೆದು ಬರಲು ಹೇಳಿದೆ. ಬಂದಳು.

ಆಮೇಲೆ ಧ್ವನಿ. ‘ಮೇಡಂ, ನಿಮ್ಮ ಮಾತು ಚೆನ್ನಾಗಿ ಕೇಳ್ತಾ ಇದೆ’ ಎಂದಳು. ಅವಳ ಮಾತು ಮಾತ್ರ ನನಗೆ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು, ಹಿಂದೆ ಒಂದೇ ಸಮನೆ ಫ್ಯಾನಿನ ಸದ್ದು. ಕಿವಿಯಲ್ಲಿ ವೈರಿನ ಇಯರ್‌ಫೋನ್ ಇತ್ತು, ಅದರಲ್ಲಿ ಮೈಕೂ ಇತ್ತು. ಆದರೆ ಪಿನ್ ಚುಚ್ಚಿದಾಗ ವಿಂಡೋಸ್ ಯಾವ ಸಾಧನ ಎಂದು ಕೇಳಿದ್ದಕ್ಕೆ ಹೆಡ್‌ಸೆಟ್ ಎಂದು ಆರಿಸುವ ಬದಲು ಹೆಡ್‌ಫೋನ್ ಎಂದು ಆರಿಸಿದ್ದಳು. ಹಾಗಾಗಿ ಕೇಳಿಸುವುದು ಇಯರ್‌ಫೋನಿನಿಂದ, ಮಾತು ಹೋಗುವುದು ಲ್ಯಾಪ್‌ಟಾಪಿನ ಮೈಕಿನಿಂದ. ತನಗೆ ಎಲ್ಲ ಸರಿಯಾಗಿ ಕೇಳಿಸುತ್ತಿದ್ದರೆ ಆಚೆಯವರಿಗೂ ಸರಿಯಾಗಿದೆ ಎಂದು ಯಾರಾದರೂ ಭಾವಿಸುತ್ತಾರೆ. ಪಿನ್ ತೆಗೆದು ಮತ್ತೆ ಚುಚ್ಚಿ ಹೆಡ್‌ಸೆಟ್ ಎಂದು ಆರಿಸಿದ ಕೂಡಲೇ ಧ್ವನಿ ಹತ್ತಿರವಾಯಿತು. (ಕಾಲೇಜಿನ ಲ್ಯಾಬಿನಲ್ಲಿ ಕೂರುವವರಿಗೆ ಇಲ್ಲಿ ಒಂದು ಮಾತು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಸ್ಪೀಕರಿಗೂ ಮೈಕಿಗೂ ಬೇರೆ ಬೇರೆ ತೂತು ಇರುತ್ತವೆ. ಮೊಬೈಲಿನ ಇಯರ್‌ಫೋನಿಗೆ ಇರುವುದು ಒಂದೇ ಪಿನ್. ಚುಚ್ಚಿದರೆ ಕೇಳಿಸುತ್ತದೆ, ಆದರೆ ನಿಮ್ಮ ಮಾತು ಹೋಗುವುದಿಲ್ಲ. ಎರಡಾಗಿ ಒಡೆಯುವ ಒಂದು ಸಣ್ಣ ಕನೆಕ್ಟರ್ ಬೇಕು, ಇಲ್ಲವೇ ಯುಎಸ್‌ಬಿ ಹೆಡ್‌ಸೆಟ್.)

ಮೂರನೆಯದು ಪರದೆ ತೋರಿಸುವುದು. ತಾಂತ್ರಿಕ ಸುತ್ತಿನಲ್ಲಿ ನೀವು ಕೋಡ್ ಬರೆಯುವುದನ್ನು ಅವರು ನೋಡಬೇಕು, ಹಾಗಾಗಿ ಇದಿಲ್ಲದೆ ಸುತ್ತೇ ಇಲ್ಲ. ಅವಳ ಪರದೆಯಲ್ಲಿ ಆ ಗುಂಡಿ ಮಂಕಾಗಿತ್ತು, ಒತ್ತಿದರೆ ಏನೂ ಆಗಲಿಲ್ಲ. ಅವಳು ಗಾಬರಿಯಾಗಿ ಏನೇನೋ ಹುಡುಕಲು ಹೊರಟಳು. ಆದರೆ ತೊಂದರೆ ಇದ್ದದ್ದು ಕಂಪನಿಯ ಕಡೆ. ಟೀಮ್ಸ್ ಸಭೆಯಲ್ಲಿ ಪರದೆ ಯಾರು ತೋರಿಸಬಹುದು ಎಂಬುದನ್ನು ಸಭೆ ಕರೆದವರು ನಿರ್ಧರಿಸುತ್ತಾರೆ. `Who can present` ಎಂಬಲ್ಲಿ ತಮ್ಮ ಸಂಸ್ಥೆಯವರಿಗೆ ಮಾತ್ರ ಎಂದಿದ್ದರೆ ಹೊರಗಿನಿಂದ ಬಂದ ಅತಿಥಿ ಮಾತಾಡಬಹುದು, ಪರದೆ ತೋರಿಸಲಾಗದು. ಕಂಪನಿಯವರಿಗೆ ಹೇಳಿ ಅದನ್ನು ಬದಲಾಯಿಸಿದೆ. ಇನ್ನೂ ಒಂದು ಸೂಕ್ಷ್ಮ: ಆ ಆಯ್ಕೆ ಪ್ರತಿ ಸಭೆಗೂ ಪ್ರತ್ಯೇಕ. ಮಂಗಳವಾರದ ಪರೀಕ್ಷಾ ಸಭೆಯಲ್ಲಿ ಬದಲಿಸಿದ್ದು ಗುರುವಾರದ ಸಭೆಗೆ ತಾನಾಗಿ ಅಂಟುವುದಿಲ್ಲ, ಅಲ್ಲಿಯೂ ಬದಲಿಸಬೇಕು. ಆದ್ದರಿಂದಲೇ ಸಾಧ್ಯವಾದರೆ ಸಂದರ್ಶನದ ಅದೇ ಲಿಂಕಿನಲ್ಲೇ ಪರೀಕ್ಷೆ ಮಾಡಿಸಿಕೊಡಿ ಎಂದು ಕೇಳಿ ಎನ್ನುವುದು. ಟೀಮ್ಸ್ ಲಿಂಕ್ ದಿನಾಂಕಕ್ಕೆ ಮೊದಲೂ ತೆರೆಯುತ್ತದೆ, ಒಳಗಿನಿಂದ ಒಬ್ಬರು ಬಿಟ್ಟುಕೊಂಡರೆ ಸಾಕು.

ಪರದೆ ತೋರಿಸಲು ಶುರು ಮಾಡಿದ ಮೇಲೆ ಅವಳ ಮುಖ ಸ್ತಬ್ಧವಾಯಿತು, ಮಾತು ತುಂಡು ತುಂಡಾಯಿತು. ಮನೆಯಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಇತ್ತು, ಆದರೆ ಅಂದು ಕರೆಂಟ್ ಇರಲಿಲ್ಲವಾಗಿ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತಿದ್ದಳು. ಒಳ್ಳೆಯದೇ ಆಯಿತು, ಕೆಟ್ಟ ದಿನದಲ್ಲಿ ಏನಾಗುತ್ತದೆ ಎಂಬುದು ತಿಳಿಯಿತು. ವೇಗ ನೋಡಿ ಎಂದೆ. ಕೆಳಗಿಳಿಯುವ ವೇಗ ಚೆನ್ನಾಗಿತ್ತು, ಮೇಲೇರುವ ವೇಗ ಒಂದು ಎಂಬಿಪಿಎಸ್‌ಗೂ ಕಡಿಮೆ. ನಾವು ಸಿನಿಮಾ, ರೀಲ್ಸ್ ನೋಡುವಾಗ ಬೇಕಾಗುವುದು ಮೊದಲನೆಯದು, ಹಾಗಾಗಿ ಅದನ್ನೇ ನೋಡುವುದು ರೂಢಿ. ಸಂದರ್ಶನದಲ್ಲಿ ನಿಮ್ಮ ಮುಖ, ಮಾತು, ಪರದೆ ಎಲ್ಲವೂ ಎರಡನೆಯದರ ಮೇಲೆ ಹೋಗಬೇಕು. ಟವರಿನಿಂದ ದೂರವಿರುವ ಮನೆಗಳಲ್ಲಿ ಅದೇ ಮೊದಲು ಸೋಲುವುದು. ಜೂಮ್ ಹೇಳುವ ಪ್ರಕಾರ ಇಬ್ಬರ ನಡುವಿನ ವಿಡಿಯೊಗೆ ಎರಡೂ ದಿಕ್ಕಿನಲ್ಲಿ ಸುಮಾರು 600 ಕೆಬಿಪಿಎಸ್ ಬೇಕು, ಧ್ವನಿಗಾದರೆ 60ರಿಂದ 80 ಸಾಕು. ಟೀಮ್ಸ್‌ನಲ್ಲೂ ಧ್ವನಿ, ವಿಡಿಯೊಗಳ ನಡುವೆ ಅಂತರ ದೊಡ್ಡದೇ. ಕ್ಯಾಮೆರಾ ಆರಿಸಿ ಎಂದೆ. ಆರಿಸಿದ ಕೂಡಲೇ ಪರದೆಯೂ ಸರಾಗ, ಮಾತೂ ಸರಾಗ.

ಆಗ ನಾವು ಒಂದು ಒಪ್ಪಂದಕ್ಕೆ ಬಂದೆವು. ಮೊದಲ ಪರಿಚಯದ ಮಾತುಗಳಿಗೆ ಕ್ಯಾಮೆರಾ ಇರಲಿ, ಕೋಡ್ ಬರೆಯುವಾಗ ಫೈಬರ್ ಇಲ್ಲದಿದ್ದರೆ ಕ್ಯಾಮೆರಾ ಆರಿಸಲಿ. ಅದನ್ನು ಸಂದರ್ಶಕರಿಗೆ ನಾನೇ ಮೊದಲೇ ತಿಳಿಸುತ್ತೇನೆ. ಪರೀಕ್ಷಾ ಕರೆಯಿಂದ ಸಿಗುವ ದೊಡ್ಡ ಉಪಯೋಗ ಇದು ಎಂದು ನನಗೆ ಅನಿಸುತ್ತದೆ. ಸಂದರ್ಶನದ ನಡುವೆ ನೀವಾಗಿ ಕ್ಯಾಮೆರಾ ಆರಿಸಿದರೆ ‘ಪಕ್ಕದಲ್ಲಿ ಯಾರಾದರೂ ಹೇಳಿಕೊಡುತ್ತಿದ್ದಾರೆಯೇ’ ಎಂಬ ಅನುಮಾನ ಬರುತ್ತದೆ. ಮೊದಲೇ ಗೊತ್ತಿದ್ದರೆ ಅದು ಬರೀ ವ್ಯವಸ್ಥೆ.

ಕರೆ ಮುಗಿಯುವ ಮೊದಲು ಅವಳು ಇಪ್ಪತ್ತು ಸೆಕೆಂಡು ಪೂರ್ತಿ ಮಾಯವಾದಳು. ತಿರುಗಿ ಬಂದು, ‘ಮಾವ ಫೋನ್ ಮಾಡಿದ್ರು ಮೇಡಂ, ಎತ್ತಿಬಿಟ್ಟೆ’ ಎಂದಳು. ಫೋನಿನಲ್ಲಿ ಎರಡು ಸಿಮ್, ಕರೆ ಬಂದದ್ದು ಡೇಟಾ ಇಲ್ಲದ ಸಿಮ್‌ಗೆ. ಹಲವು ಫೋನುಗಳಲ್ಲಿ ಒಂದು ಸಿಮ್‌ನಲ್ಲಿ ಮಾತು ನಡೆಯುವಾಗ ಇನ್ನೊಂದರ ಡೇಟಾ ನಿಂತುಬಿಡುತ್ತದೆ, ಹಾಟ್‌ಸ್ಪಾಟ್ ಅದರ ಜೊತೆಗೇ ಹೋಗುತ್ತದೆ. ಡು ನಾಟ್ ಡಿಸ್ಟರ್ಬ್ ಹಾಕಿದರೆ ರಿಂಗ್ ಆಗುವುದಿಲ್ಲ ನಿಜ, ಆದರೆ ಕರೆ ಬರುವುದು ತಪ್ಪುವುದಿಲ್ಲ. ಆ ಒಂದು ಗಂಟೆ ಎರಡನೆಯ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡುವುದೇ ಸುಲಭ.

ಗುರುವಾರ ಕರೆಂಟ್ ಇತ್ತು, ಫೈಬರ್ ನಡೆಯಿತು. ಆ ಹುದ್ದೆ ಅವಳಿಗೆ ಸಿಗಲಿಲ್ಲ. ಆದರೆ ಅಭಿಪ್ರಾಯದ ಹಾಳೆಯಲ್ಲಿ ಇದ್ದದ್ದು ಎಸ್‌ಕ್ಯೂಎಲ್ ಜಾಯಿನ್‌ಗಳ ಬಗ್ಗೆ ಇನ್ನಷ್ಟು ಅಭ್ಯಾಸ ಬೇಕು ಎಂಬ ಮಾತು. ಅದು ಅವಳ ಬಗ್ಗೆ ಬರೆದ ಮಾತು, ಅವಳು ಕೂತು ಸರಿಮಾಡಿಕೊಳ್ಳಬಹುದಾದ ಮಾತು.

ಇನ್ನು ಕೇಳುವ ಬಗೆ. ಸಂದರ್ಶನದ ದಿನಾಂಕ ಗೊತ್ತಾದ ದಿನವೇ ಬರೆಯಿರಿ. ಕಡೇಪಕ್ಷ ಎರಡು ಕೆಲಸದ ದಿನಗಳಾದರೂ ಉಳಿದಿರಬೇಕು. ಹಿಂದಿನ ರಾತ್ರಿ 10ಕ್ಕೆ ಬಂದ ಇಮೇಲನ್ನು ನಾವು ನೋಡುವುದು ಸಂದರ್ಶನ ಶುರುವಾದ ಮೇಲೆ. ನಿಮಗೆ ಲಿಂಕ್ ಕಳಿಸಿದ ಎಚ್‌ಆರ್‌ಗೆ ಬರೆಯಿರಿ, ಸಂದರ್ಶಕರಿಗಲ್ಲ. ಹೊಸ ಇಮೇಲ್ ಬೇಡ, ಬಂದ ಇಮೇಲಿಗೇ ಉತ್ತರಿಸಿ, ಆಗ ದಿನಾಂಕ, ಹುದ್ದೆ ಎಲ್ಲ ಅದರಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ವಿಷಯ ಇಷ್ಟೇ:

‘ನಮಸ್ಕಾರ. ಗುರುವಾರ 11 ಗಂಟೆಯ ಸಂದರ್ಶನಕ್ಕೆ ಹಾಜರಿರುತ್ತೇನೆ. ನಾನು ಊರಿನಿಂದ ಸೇರುತ್ತಿರುವುದರಿಂದ, ಅದಕ್ಕೆ ಮೊದಲು ಹತ್ತು ನಿಮಿಷದ ಒಂದು ಪರೀಕ್ಷಾ ಕರೆ ಮಾಡಲು ಸಾಧ್ಯವೇ? ಮಂಗಳವಾರ ಅಥವಾ ಬುಧವಾರ 11ರಿಂದ 12ರ ಒಳಗೆ ಯಾವಾಗಲಾದರೂ ಆಗಬಹುದು. ಅದೇ ಲಿಂಕಿನಲ್ಲಿ ಸೇರಿ, ಧ್ವನಿ ಮತ್ತು ಪರದೆ ಹಂಚಿಕೆ ಎರಡನ್ನೂ ನೋಡಿಕೊಳ್ಳುವ ಉದ್ದೇಶ. ನನ್ನ ಬಳಿ ವಿಂಡೋಸ್ ಲ್ಯಾಪ್‌ಟಾಪ್, ಕ್ರೋಮ್ ಬ್ರೌಸರ್ ಇದೆ. ಕರೆ ಸಾಧ್ಯವಾಗದಿದ್ದರೆ, ನಾನೇ ಪರೀಕ್ಷಿಸಿಕೊಳ್ಳುವ ಒಂದು ಲಿಂಕ್ ಕಳಿಸಿದರೂ ಸಾಕು. ಸಂಪರ್ಕ ಕಡಿದರೆ ಕರೆ ಮಾಡಬೇಕಾದ ನಂಬರ್ ಯಾವುದೆಂದೂ ದಯವಿಟ್ಟು ತಿಳಿಸಿ.’

ಇದರಲ್ಲಿ ಕ್ಷಮೆ ಕೇಳುವ ಮಾತು ಒಂದೂ ಇಲ್ಲ, ಬೇಕಾಗಿಯೂ ಇಲ್ಲ. ‘ನಮ್ಮೂರಲ್ಲಿ ನೆಟ್‌ವರ್ಕ್ ತುಂಬಾ ಕೆಟ್ಟದಾಗಿದೆ, ಏನಾಗುತ್ತೋ ಗೊತ್ತಿಲ್ಲ’ ಎಂದು ಬರೆಯಬೇಡಿ. ಓದಿದವರಿಗೆ ಅದು ಭಯ ಹುಟ್ಟಿಸುತ್ತದೆ, ಏನು ಮಾಡಬೇಕೆಂದು ತಿಳಿಸುವುದಿಲ್ಲ. ಏನು ಬೇಕು, ಯಾವಾಗ, ಎಷ್ಟು ಹೊತ್ತು ಎಂದು ಬರೆದರೆ ನನಗೆ ಉತ್ತರಿಸಲು ಒಂದು ನಿಮಿಷ ಸಾಕು. ಸಂದರ್ಶನಕ್ಕೆ ಮೊದಲು ಆನ್‌ಲೈನ್ ಕೋಡಿಂಗ್ ಪರೀಕ್ಷೆ ಇದ್ದರೆ ಅದರ ಬಗ್ಗೆ ಬೇರೆಯಾಗಿ ಕೇಳಿ. ಅಲ್ಲಿ ಕ್ಯಾಮೆರಾ ನಿಮ್ಮನ್ನು ಕಾಯುತ್ತಿರುತ್ತದೆ, ಪೂರ್ಣ ಪರದೆಯಿಂದ ಹೊರಬಂದರೆ ಎಚ್ಚರಿಕೆ ಬರುತ್ತದೆ, ಕೆಲವೊಮ್ಮೆ ಬೇರೆ ಬ್ರೌಸರನ್ನೇ ಹಾಕಿಕೊಳ್ಳಬೇಕಾಗುತ್ತದೆ. ಇಂಥ ಪರೀಕ್ಷೆಗಳಿಗೆ ಮಾದರಿ ಪರೀಕ್ಷೆಯ ಲಿಂಕ್ ಇರುವುದುಂಟು, ಕೇಳಿದರೆ ಕಳಿಸುತ್ತಾರೆ.

ಕ್ಯಾಂಪಸ್ ಡ್ರೈವ್‌ನಲ್ಲಿ ನೂರಾರು ಜನರಿಗೆ ಒಬ್ಬೊಬ್ಬರಿಗೂ ಕರೆ ಮಾಡುವುದು ಆಗದ ಕೆಲಸ. ಅಲ್ಲಿ ನಿಮ್ಮ ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕ ಎಲ್ಲರ ಪರವಾಗಿ ಒಂದೇ ಪರೀಕ್ಷಾ ಲಿಂಕ್ ಕೇಳಿಸಿ, ಅರ್ಧ ಗಂಟೆ ತೆರೆದಿರಲಿ, ಪಾಳಿಯಲ್ಲಿ ಒಬ್ಬೊಬ್ಬರೇ ಹೋಗಿ ಬನ್ನಿ. ಕಾಲೇಜಿನ ವೈಫೈಯಲ್ಲೇ ಕೂರುವುದಾದರೆ ಇದು ತೀರಾ ಅಗತ್ಯ. ಕಾಲೇಜಿನ ಫೈರ್‌ವಾಲ್ ವೆಬ್‌ಸೈಟುಗಳನ್ನು ಬಿಟ್ಟು, ವಿಡಿಯೊ ಕರೆಗಳು ಬಳಸುವ ಯುಡಿಪಿ ದಾರಿಯನ್ನು ಮುಚ್ಚಿರುವುದುಂಟು. ಆಗ ಪುಟ ತೆರೆಯುತ್ತದೆ, ಹೆಸರು ಕಾಣುತ್ತದೆ, ಮಾತು ಮಾತ್ರ ತಡವಾಗಿ, ಒಡೆದು ಹೋಗುತ್ತದೆ. ಅದೇ ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಕ್ಕೆ ಹಾಕಿದಾಗ ಸರಿಹೋದರೆ ಕಾರಣ ಕಾಲೇಜಿನ ನೆಟ್‌ವರ್ಕ್ ಎಂದು ತಿಳಿಯಿರಿ. ಆ ಬಾಗಿಲು ತೆರೆಸುವುದು ಲ್ಯಾಬಿನ ಸಿಸ್ಟಮ್ ಅಡ್ಮಿನ್ ಕೈಯಲ್ಲಿದೆ, ನಿಮ್ಮ ಕೈಯಲ್ಲಿ ಇಲ್ಲ.

ಸ್ಕ್ರೀನ್ ರೀಡರ್ ಬಳಸಿ ಓದುವ ಗೆಳೆಯರೇ, ನಿಮಗೆ ಈ ಕರೆ ಅನುಕೂಲಕ್ಕಿಂತ ಹೆಚ್ಚಿನದು. ಎನ್‌ವಿಡಿಎ ಧ್ವನಿ ಮತ್ತು ಸಂದರ್ಶಕರ ಧ್ವನಿ ಒಂದೇ ಕಿವಿಗೆ ಬಿದ್ದರೆ ಎರಡೂ ಅರ್ಥವಾಗುವುದಿಲ್ಲ. ಅವರು ಕೊಡುವ ಕೋಡ್ ಎಡಿಟರನ್ನು ಸ್ಕ್ರೀನ್ ರೀಡರ್ ಓದದೆಯೂ ಇರಬಹುದು. ಅದನ್ನು ಪರೀಕ್ಷಾ ಕರೆಯಲ್ಲಿ ತೋರಿಸಿ, ನೋಟ್‌ಪ್ಯಾಡಿನಲ್ಲಿ ಬರೆದು ಪರದೆ ಹಂಚಿಕೊಳ್ಳಲು ಒಪ್ಪಿಸಿಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಸಂಸ್ಥೆಗಳು ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಆ ಕಂಪನಿಯ ನೀತಿಯನ್ನು ಓದಿ, ಇಮೇಲಿನಲ್ಲಿ ಅದನ್ನು ಉಲ್ಲೇಖಿಸಿಯೇ ಕೇಳಿ.

ಪರೀಕ್ಷಾ ಲಿಂಕ್ ಎಂಬ ಹೆಸರಿನಲ್ಲಿ ಮೋಸಗಾರರೂ ಬರುತ್ತಾರೆ, ಅದನ್ನೂ ಹೇಳಲೇಬೇಕು. ನಿಜವಾದ ಪರೀಕ್ಷಾ ಕರೆಗೆ ಹಣ ಬೇಕಾಗಿಲ್ಲ, ಒಟಿಪಿ ಬೇಕಾಗಿಲ್ಲ, ನಿಮ್ಮ ಕಂಪ್ಯೂಟರನ್ನು ದೂರದಿಂದ ನಡೆಸುವ ಆ್ಯಪ್ ಬೇಕಾಗಿಲ್ಲ. ‘ಮೈಕ್ ನಾವೇ ಸರಿ ಮಾಡ್ತೀವಿ, ಎನಿಡೆಸ್ಕ್ ಹಾಕಿಕೊಳ್ಳಿ’ ಎಂದರೆ ಅಲ್ಲಿಗೇ ಬಿಡಿ. ಇಂಥ ಆ್ಯಪ್‌ಗಳಿಂದ ಖಾತೆ ಖಾಲಿ ಮಾಡುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಲಿಂಕ್ ಬಂದಾಗ `https://` ಆದ ಮೇಲೆ ಬರುವ ಮೊದಲ ಓರೆಗೆರೆಗೆ ಮುಂಚಿನ ಭಾಗ ಓದಿ. ಅದು `zoom.us`, `teams.microsoft.com`, `meet.google.com` ಎಂದು ಮುಗಿಯಬೇಕು. ಜೂಮ್‌ನಲ್ಲಿ ಅದಕ್ಕೆ ಮೊದಲು, ಚುಕ್ಕೆಯಿಂದ ಬೇರೆಯಾಗಿ, ಕಂಪನಿಯ ಹೆಸರು ಇರಬಹುದು, ಅದರ ನಂತರ ಓರೆಗೆರೆಯವರೆಗೆ ಬೇರೇನೂ ಇರಕೂಡದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಎಲ್ಲರೂ ಹೂಂ ಅನ್ನುವುದಿಲ್ಲ. ‘ಸಮಯವಿಲ್ಲ, ಲಿಂಕ್ ಸರಿಯಾಗಿಯೇ ಕೆಲಸ ಮಾಡುತ್ತದೆ’ ಎಂಬ ಉತ್ತರವೂ ಬರಬಹುದು, ಉತ್ತರವೇ ಬರದಿರಬಹುದು. ಬೇಸರ ಬೇಡ, ಮತ್ತೆ ಮತ್ತೆ ಕೇಳುವುದೂ ಬೇಡ. ಎರಡು ಚಿಕ್ಕ ಸಂಗತಿಗಳನ್ನಷ್ಟೇ ಕೇಳಿ: ಹೊರಗಿನವರು ಪರದೆ ಹಂಚಿಕೊಳ್ಳಲು ಆ ಸಭೆಯಲ್ಲಿ ಅನುಮತಿ ಇದೆಯೇ, ಮತ್ತು ಕಡಿದರೆ ಯಾವ ನಂಬರಿಗೆ ಕರೆ ಮಾಡಬೇಕು. ಇವಕ್ಕೆ ಒಂದು ಸಾಲಿನ ಉತ್ತರ ಸಾಕಾದ್ದರಿಂದ ಸಾಮಾನ್ಯವಾಗಿ ಸಿಗುತ್ತದೆ. ಉಳಿದದ್ದನ್ನು ಗೆಳೆಯರೊಬ್ಬರನ್ನು ಕೂರಿಸಿಕೊಂಡು ಮಾಡಿ. ಅವರು ಬೇರೆ ಊರಿನಲ್ಲಿದ್ದರೆ ಒಳ್ಳೆಯದು, ಅದೇ ಕೋಣೆಯಲ್ಲಿ ಕೂತರೆ ಮಾತು ನೇರವಾಗಿಯೇ ಕೇಳಿಸಿ ಪರೀಕ್ಷೆ ಸುಳ್ಳಾಗುತ್ತದೆ. ಸಭೆಯನ್ನು ಅವರು ಕರೆಯಲಿ, ನೀವು ಲಾಗಿನ್ ಆಗದೆ ಅತಿಥಿಯಾಗಿ ಹೋಗಿ. ಸಂದರ್ಶನದ ಹೊತ್ತಿಗೇ, ಅದೇ ಮೇಜಿನಲ್ಲಿ, ಅದೇ ಇಯರ್‌ಫೋನಿನಲ್ಲಿ. ನಿಮ್ಮ ಮಾತನ್ನು ಎರಡು ನಿಮಿಷ ರೆಕಾರ್ಡ್ ಮಾಡಿ ಕಳಿಸಲು ಹೇಳಿ, ಕೇಳಿಸಿಕೊಳ್ಳಿ.

ಆ ದಿನದ ಡೇಟಾ ಲೆಕ್ಕವನ್ನೂ ಹಿಂದಿನ ದಿನವೇ ಹಾಕಿಡಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಇದ್ದರೆ ಅದು ನಡುರಾತ್ರಿ ಹೊಸದಾಗುತ್ತದೆ. ಒಂದು ಗಂಟೆಯ ವಿಡಿಯೊ ಮಾತುಕತೆಗೆ ಅರ್ಧದಿಂದ ಒಂದು ಜಿಬಿ ಬೇಕು. ಬೆಳಿಗ್ಗೆ ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟಿಗೆ ಸೇರಿಸಿದ ಕೂಡಲೇ ವಿಂಡೋಸ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳತೊಡಗಿದರೆ ಸಂದರ್ಶನದ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಪ್ಯಾಕ್ ಮುಗಿದ ಮೇಲೆ ಸಿಗುವುದು ಸಾಮಾನ್ಯವಾಗಿ 64 ಕೆಬಿಪಿಎಸ್, ಅದರಲ್ಲಿ ಬರೀ ಧ್ವನಿಯೂ ನಿಲ್ಲುವುದಿಲ್ಲ. ವೈಫೈ ಸೆಟ್ಟಿಂಗಿನಲ್ಲಿ ಆ ಹಾಟ್‌ಸ್ಪಾಟಿಗೆ `Metered connection` ಆನ್ ಮಾಡಿಟ್ಟರೆ ಹೆಚ್ಚಿನ ಅಪ್‌ಡೇಟ್‌ಗಳು ಕಾಯುತ್ತವೆ. ಫೈಬರ್ ಇರುವ ಮನೆಗಳಲ್ಲಿ ಹೆಸ್ಕಾಂ, ಮೆಸ್ಕಾಂನವರ ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು ಪೇಪರಿನಲ್ಲಿ ನೋಡಿಕೊಳ್ಳಿ. ಆ ದಿನವೇ ನಿಮ್ಮ ಫೀಡರಿನ ಹೆಸರು ಕಂಡರೆ ಕೂಡಲೇ ಎಚ್‌ಆರ್‌ಗೆ ಬರೆದು ಬೇರೆ ಹೊತ್ತು ಕೇಳಿ. ಒಂದು ದಿನ ಮೊದಲೇ, ಕಾರಣ ಸಮೇತ ಕೇಳಿದ್ದಕ್ಕೆ ನಾನಂತೂ ಇಲ್ಲವೆಂದಿಲ್ಲ.

ಪರೀಕ್ಷಾ ಕರೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಗಿದ ದಿನವೇ ಅದರಲ್ಲಿ ಏನೇನು ಒಪ್ಪಿಕೊಂಡಿರಿ ಎಂಬುದನ್ನು ಮೂರು ಸಾಲಿನಲ್ಲಿ ಬರೆದು ಅದೇ ಇಮೇಲಿಗೆ ಉತ್ತರವಾಗಿ ಕಳಿಸಿ: ಬ್ರೌಸರಿನಿಂದ ಸೇರುತ್ತೇನೆ, ಕೋಡ್ ಬರೆಯುವಾಗ ಕ್ಯಾಮೆರಾ ಆರಿಸುವೆ, ಕಡಿದರೆ ಈ ನಂಬರಿಗೆ ಕರೆ ಮಾಡುವೆ. ಅದನ್ನು ನಾನು ಹಾಗೆಯೇ ಸಂದರ್ಶಕರಿಗೆ ಮುಂದಕ್ಕೆ ಕಳಿಸಬಹುದು. ನಾನು ಅಂದು ರಜೆಯಲ್ಲಿದ್ದರೆ ನನ್ನ ಜಾಗದಲ್ಲಿ ಕೂತವರಿಗೂ ಅದು ಸಿಗುತ್ತದೆ.

ನಿಮ್ಮ ಇಮೇಲಿಗೆ ಕಾಯುತ್ತಿರುವ,
ಸಂದರ್ಶನ ಹೊಂದಿಸುವವಳು